ಎರಡು ಕುಣಿತ, ಒಬ್ಬ ಗುರು, ಒಂದೇ ಚೌಕಟ್ಟು: ಪರದೆ ಕಿಕ್ಕಿರಿಯದಂತೆ ಹೊಂದಿಸುವುದು ಹೇಗೆ?

ರಂಗಸ್ಥಳ_ಕುಂದಾಪುರ

ಎಲ್ಲರಿಗೂ ನಮಸ್ಕಾರ. ಯಕ್ಷಗಾನದ ತೆಂಕು ಮತ್ತು ಬಡಗು ತಿಟ್ಟುಗಳ ಕುಣಿತವನ್ನು ಅಕ್ಕಪಕ್ಕ ಇಟ್ಟು ತೋರಿಸುವ ವಿಡಿಯೊ ಮಾಡುತ್ತಿದ್ದೇನೆ. ಎರಡು ಕಡೆಯ ದೃಶ್ಯಗಳನ್ನೂ ಮೇಳದವರ ಅನುಮತಿ ಪಡೆದು ನಾನೇ ಚಿತ್ರೀಕರಿಸಿದ್ದೇನೆ. ನಮ್ಮೂರಿನಲ್ಲಿ ಬಡಗುತಿಟ್ಟಿನ ಹಿರಿಯ ವೇಷಧಾರಿಯೊಬ್ಬರು ಇದ್ದಾರೆ, ಈಗ ಮೇಳದಿಂದ ನಿವೃತ್ತರು. ಅವರನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ, ತೆಂಕಿನವರು ಹಾರಿ ಹಾರಿ ಸುತ್ತುವ ದಿಗಿಣ ನೋಡುವಾಗ ಅವರು ಏನು ಹೇಳುತ್ತಾರೆ ಎಂಬುದನ್ನೂ ದಾಖಲಿಸಿದ್ದೇನೆ. ಅವರು ಬಾಯಲ್ಲಿ ಹೇಳುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಹೇಳುತ್ತಾರೆ. ತೊಡೆಯ ಮೇಲೆ ತಾಳ ಹಾಕುತ್ತಾರೆ, ಕುಳಿತಲ್ಲೇ ಹಸ್ತ ತೋರಿಸುತ್ತಾರೆ.

ತೊಂದರೆ ಇಷ್ಟು. ಪರದೆಯ ನಡುವೆ ಎರಡು ವಿಡಿಯೊ ಅಕ್ಕಪಕ್ಕ ಇವೆ. ಕೆಳಗೆ ಬಲಮೂಲೆಯಲ್ಲಿ ದುಂಡು ಚೌಕಟ್ಟಿನೊಳಗೆ ಗುರುಗಳಿದ್ದಾರೆ. ಮೇಲೆ ಶೀರ್ಷಿಕೆ, ಕೆಳಗೆ ಭಾಗವತರ ಪದ್ಯದ ಸಾಲು, ಎಡಮೂಲೆಯಲ್ಲಿ ವಾಹಿನಿಯ ಲಾಂಛನ, ಸುತ್ತ ಮಾವಿನೆಲೆ ತೋರಣದ ಅಂಚು. ಮೊನ್ನೆ ಹಾಕಿದ ವಿಡಿಯೊ ನೋಡಿ ನನ್ನ ಅಕ್ಕನ ಮಗಳು, ‘ಮಾವ, ಇದು ವಿಡಿಯೊವೋ ಪಂಚಾಂಗವೋ’ ಎಂದು ಕೇಳಿದಳು. ಯಾವುದನ್ನು ತೆಗೆಯಲಿ, ಯಾವುದನ್ನು ಉಳಿಸಲಿ?

---

ಹೊಸಪೇಟೆ_ಹುಡುಗ

ನನಗೂ ಇದೇ ಸಮಸ್ಯೆ. ಹೊಸ ಮೊಬೈಲಿನಲ್ಲಿ ಪರದೆ ಎರಡಾಗುತ್ತಲೇ ಇಲ್ಲ. ಮೊದಲು ಮೂರು ಬೆರಳಿನಲ್ಲಿ ಎಳೆದರೆ ಸಾಕಿತ್ತು. ಯಾರಾದರೂ ತಿಳಿಸಿ.

---

ಮದುವೆ_ವಿಡಿಯೊ_ತುಮಕೂರು

@ಹೊಸಪೇಟೆ_ಹುಡುಗ ತಮ್ಮಾ, ಅವರು ಕೇಳುತ್ತಿರುವುದು ವಿಡಿಯೊ ಸಂಕಲನದ ವಿಷಯ. ಇರಲಿ, ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿಗೆ ಹೋಗಿ, ಆ್ಯಪ್‌ನ ಚಿಕ್ಕ ಚಿತ್ರವನ್ನು ಒತ್ತಿ ನೋಡಿ. ಅಲ್ಲಿ ಆಯ್ಕೆ ಬರುತ್ತದೆ.

@ರಂಗಸ್ಥಳ_ಕುಂದಾಪುರ ಸರ್, ಹದಿನೈದು ವರ್ಷದಿಂದ ಮದುವೆ ವಿಡಿಯೊ ಮಾಡುತ್ತಿದ್ದೇನೆ. ಒಂದು ಕಾಲದಲ್ಲಿ ಒಂದೇ ಪರದೆಯಲ್ಲಿ ಆರು ಕಿಟಕಿ, ಮೇಲಿಂದ ಉದುರುವ ಗುಲಾಬಿ ಎಸಳು, ಮೂಲೆಯಲ್ಲಿ ಹಾರುವ ಪಾರಿವಾಳ, ಎಲ್ಲವನ್ನೂ ನಾನೇ ಹಾಕಿದ್ದೇನೆ. ಜನ ಕೇಳುತ್ತಿದ್ದರು, ಹಾಕುತ್ತಿದ್ದೆವು. ನಿಮ್ಮ ವಿಡಿಯೊ ಈಗಷ್ಟೇ ನೋಡಿದೆ. ಎರಡು ಚಿತ್ರಗಳ ಮೇಲೆ ಕೆಳಗೆ ಕಪ್ಪು ಜಾಗ ಬಿಟ್ಟಿದ್ದೀರಿ, ಅದೇ ತಪ್ಪು. ಅದೇ ವಿಡಿಯೊದ ಇನ್ನೊಂದು ಪ್ರತಿಯನ್ನು ದೊಡ್ಡದು ಮಾಡಿ, ಮಸುಕು ಮಾಡಿ ಹಿಂದೆ ಇಡಿ. ಖಾಲಿ ಜಾಗ ತುಂಬುತ್ತದೆ, ಕಣ್ಣಿಗೆ ತಂಪಾಗಿರುತ್ತದೆ.

---

ಎಡಿಟಿಂಗ್_ಮೇಜು

ವಿಡಿಯೊ ಎರಡು ಬಾರಿ ನೋಡಿದೆ, ಒಮ್ಮೆ ಕಂಪ್ಯೂಟರಿನಲ್ಲಿ, ಒಮ್ಮೆ ಮೊಬೈಲನ್ನು ಉದ್ದಕ್ಕೆ ಹಿಡಿದು. ಎರಡನೆಯದೇ ಮುಖ್ಯ. ಬಸ್ಸಿನಲ್ಲಿ ನಿಂತವರು ಹಾಗೆಯೇ ನೋಡುತ್ತಾರೆ.

ನನ್ನ ಮೊಬೈಲಿನ ಪರದೆಯ ಅಗಲ ಸುಮಾರು 6.8 ಸೆಂಟಿಮೀಟರ್. 1920 × 1080 ಪಿಕ್ಸೆಲ್ ವಿಡಿಯೊ ಅದರಲ್ಲಿ 3.8 ಸೆಂಟಿಮೀಟರ್ ಎತ್ತರಕ್ಕೆ ಕುಳಿತುಕೊಳ್ಳುತ್ತದೆ. ನೀವು ಎರಡೂ ವಿಡಿಯೊಗಳನ್ನು ಪೂರ್ತಿಯಾಗಿ ಅಕ್ಕಪಕ್ಕ ಇಟ್ಟಿದ್ದರಿಂದ ಒಂದೊಂದೂ 960 × 540 ಆಗಿದೆ, ಅಂದರೆ ಒಂದೊಂದಕ್ಕೂ ಸಿಕ್ಕಿದ್ದು ಪರದೆಯ ಕಾಲು ಭಾಗ. ಉಳಿದ ಅರ್ಧ ಪರದೆ ಖಾಲಿ. ಆ ಖಾಲಿಯನ್ನು ನೋಡಿಯೇ ನಿಮಗೆ ತೋರಣ, ಶೀರ್ಷಿಕೆ, ಲಾಂಛನ ಎಲ್ಲವನ್ನೂ ತುಂಬಬೇಕು ಅನಿಸಿರಬೇಕು. ನಿಮ್ಮ ದೃಶ್ಯದಲ್ಲಿ ವೇಷಧಾರಿ ಚಿತ್ರದ ಎತ್ತರದ ಶೇಕಡ 60ರಷ್ಟಿದ್ದಾರೆ. ಮೊಬೈಲಿನಲ್ಲಿ ಅಳೆದರೆ ಅವರ ಎತ್ತರ 1.15 ಸೆಂಟಿಮೀಟರ್. ಕಿರೀಟ, ಭುಜಕೀರ್ತಿ, ಗೆಜ್ಜೆ ಎಲ್ಲ ಸೇರಿ ಒಂದು ಹುಣಸೆ ಬೀಜದಷ್ಟು. ಅಷ್ಟರಲ್ಲಿ ಹೆಜ್ಜೆಯ ವ್ಯತ್ಯಾಸ ಕಾಣುವುದಾದರೂ ಹೇಗೆ?

ಕುಣಿಯುವ ಮನುಷ್ಯ ನಿಂತಿರುವುದು ಉದ್ದಕ್ಕೆ. ನೀವು ಕೊಟ್ಟಿರುವುದು ಅಡ್ಡ ಪೆಟ್ಟಿಗೆ. ಆದ್ದರಿಂದ ವಿಡಿಯೊವನ್ನು ಕುಗ್ಗಿಸಬೇಡಿ, ಕತ್ತರಿಸಿ. ಒಂದೊಂದು ವಿಡಿಯೊದಿಂದಲೂ ವೇಷಧಾರಿ ಇರುವ 960 × 1080 ಭಾಗವನ್ನು ಮಾತ್ರ ತೆಗೆದು ಅಕ್ಕಪಕ್ಕ ಇಟ್ಟರೆ ಪರದೆ ಪೂರ್ತಿ ತುಂಬುತ್ತದೆ. ವೇಷಧಾರಿ ಮೊಬೈಲಿನಲ್ಲಿ 2.3 ಸೆಂಟಿಮೀಟರ್ ಆಗುತ್ತಾರೆ. ಅದೇ ದೃಶ್ಯ, ಎರಡು ಪಟ್ಟು ಎತ್ತರ. ಹೋಗುವುದು ಬದಿಯ ಕತ್ತಲು ಮತ್ತು ನಡುನಡುವೆ ಎದ್ದು ಹೋಗುವ ಪ್ರೇಕ್ಷಕರ ತಲೆ ಮಾತ್ರ.

ಇನ್ನು ಗುರುಗಳ ಮುಖ. ಎರಡು ಕುಣಿತ ಪರದೆಯಲ್ಲಿ ಇರುವಾಗ ಅವರ ಮುಖ ಬೇಡ, ಧ್ವನಿ ಸಾಕು. ನೋಡುವವರಿಗೆ ಇರುವುದು ಎರಡೇ ಕಣ್ಣು, ಎರಡು ಕಾಲು ಜೋಡಿಗಳನ್ನು ಹೋಲಿಸುವುದರಲ್ಲಿಯೇ ಅವು ಸೋತಿರುತ್ತವೆ. ಗುರುಗಳನ್ನು ನೋಡಲು ಬೇರೆ ಹೊತ್ತು ಕೊಡಿ. ಎಲ್ಲವನ್ನೂ ಎಲ್ಲ ಹೊತ್ತಿನಲ್ಲೂ ಪರದೆಯ ಮೇಲೆ ಇಡಬೇಕೆಂಬ ಹಟ ಬಿಟ್ಟರೆ ಅರ್ಧ ಕೆಲಸ ಮುಗಿಯಿತು.

---

ದೋಸೆಹಂಚು_ದುಬೈ

ಮೇಡಂ, ಕೊನೆಯ ಮಾತನ್ನು ಒಪ್ಪುವುದಿಲ್ಲ. ನಾನು ಊರಿನ ಹಳೆಯ ನಾಟಕಗಳ ತುಣುಕು ನೋಡಿ ಪ್ರತಿಕ್ರಿಯೆ ಕೊಡುವ ವಿಡಿಯೊ ಮಾಡುತ್ತೇನೆ. ಜನ ಬರುವುದು ಮುಖ ನೋಡಲು. ಮುಖ ತೆಗೆದ ಕ್ಷಣದಲ್ಲಿ ನೋಡುವವರು ಬಿಟ್ಟು ಹೋಗುವುದನ್ನು ನನ್ನ ವಾಹಿನಿಯ ಅಂಕಿಗಳಲ್ಲೇ ನೋಡಿದ್ದೇನೆ. ಅಲ್ಲದೆ ಮುಖ ಸದಾ ಪರದೆಯಲ್ಲಿ ಇದ್ದರೆ, ಮೂಲ ವಿಡಿಯೊ ಚಿಕ್ಕದಾಗಿದ್ದರೆ ಹಕ್ಕುಸ್ವಾಮ್ಯದ ತೊಂದರೆಯೂ ಬರುವುದಿಲ್ಲ.

---

ಎಡಿಟಿಂಗ್_ಮೇಜು

@ದೋಸೆಹಂಚು_ದುಬೈ ಮೊದಲ ಮಾತಿನಲ್ಲಿ ಅರ್ಧ ನ್ಯಾಯವಿದೆ. ಒಂದೇ ವಿಡಿಯೊ ನೋಡಿ ನಗುವುದು, ಬೆಚ್ಚುವುದು, ಕಣ್ಣೊರೆಸಿಕೊಳ್ಳುವುದೇ ವಿಷಯವಾದರೆ ಮುಖ ಇರಲೇಬೇಕು. ಇಲ್ಲಿ ನಾನು ತೆಗೆಯಿರಿ ಎಂದಿದ್ದು ಎರಡು ಕುಣಿತ ಅಕ್ಕಪಕ್ಕ ಬಂದಾಗ ಮಾತ್ರ.

ಎರಡನೆಯದು ತಪ್ಪು ನಂಬಿಕೆ. ಯೂಟ್ಯೂಬಿನ ಹೊಂದಾಣಿಕೆ ವ್ಯವಸ್ಥೆ ಚಿತ್ರವನ್ನಷ್ಟೇ ಅಲ್ಲ, ಧ್ವನಿಯನ್ನೂ ಹೋಲಿಸುತ್ತದೆ. ಚಿತ್ರ ಎಷ್ಟು ಚಿಕ್ಕದು ಮಾಡಿದರೂ ಹಾಡು ಅದೇ ಹಾಡು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ವಿಮರ್ಶೆಗಾಗಿ ಬಳಸಲು ಅವಕಾಶವಿದೆ, ಆದರೆ ಮುಖ ಯಾವ ಮೂಲೆಯಲ್ಲಿದೆ ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ. ರಂಗಸ್ಥಳದವರು ತಾವೇ ಚಿತ್ರೀಕರಿಸಿದ್ದರಿಂದ, ಅನುಮತಿಯೂ ಇರುವುದರಿಂದ ಆ ಚರ್ಚೆ ಇಲ್ಲಿಗೆ ಬೇಡ.

@ಮದುವೆ_ವಿಡಿಯೊ_ತುಮಕೂರು ಅಣ್ಣ, ಮಸುಕಿನ ಹಿನ್ನೆಲೆಯ ಬಗ್ಗೆ ನನಗೆ ತಕರಾರಿದೆ. ರಂಗಸ್ಥಳದ ದೀಪಗಳು ಬದಲಾದಂತೆಲ್ಲ ಹಿಂದಿನ ಮಸುಕೂ ಕೆಂಪು ಹಳದಿ ಎಂದು ಮಿಣುಕುತ್ತದೆ. ಅದು ತುಂಬಿದ ಜಾಗವಲ್ಲ, ಮೂರನೆಯ ಕುಣಿತ.

---

ಮದುವೆ_ವಿಡಿಯೊ_ತುಮಕೂರು

ಹಾಗಾದರೆ ಒಂದೇ ಚೌಕಟ್ಟನ್ನು ನಿಲ್ಲಿಸಿ, ಮಸುಕು ಮಾಡಿ, ಕಪ್ಪಾಗಿಸಿ ಇಡಬಹುದಲ್ಲ? ಮಿಣುಕುವುದಿಲ್ಲ. ಬರೀ ಕಪ್ಪು ಇಟ್ಟರೆ ಗಿರಾಕಿ ‘ಇದೇನು ಟೀವಿ ಕೆಟ್ಟಿದೆಯಾ’ ಎನ್ನುತ್ತಾರೆ, ನಮ್ಮ ಕಷ್ಟ ನಮಗೆ.

---

ಎಡಿಟಿಂಗ್_ಮೇಜು

ನಿಲ್ಲಿಸಿದ ಚಿತ್ರವಾದರೆ ಆಗಬಹುದು. ನನಗೆ ಈಗಲೂ ಕಪ್ಪಿಗೆ ಹತ್ತಿರದ ಬೂದು ಬಣ್ಣವೇ ಇಷ್ಟ. ಅದು ನನ್ನ ರುಚಿ, ನಿಯಮವಲ್ಲ.

---

ರಂಗಸ್ಥಳ_ಕುಂದಾಪುರ

ಮೇಡಂ, ತುಂಬಾ ಉಪಕಾರವಾಯಿತು. ಹುಣಸೆ ಬೀಜದ ಮಾತು ಓದಿ ಸ್ವಲ್ಪ ನೋವಾಯಿತು, ಆದರೆ ನಿಜ. ತೋರಣ, ಲಾಂಛನ ಎರಡನ್ನೂ ತೆಗೆದೆ. ಕತ್ತರಿಸುವುದನ್ನು ಇಂದು ರಾತ್ರಿ ಮಾಡುತ್ತೇನೆ.

ಆದರೆ ಗುರುಗಳನ್ನು ಧ್ವನಿಯಾಗಿ ಮಾತ್ರ ಇಡಲು ಮನಸ್ಸು ಬರುತ್ತಿಲ್ಲ. ತೆಂಕಿನ ದಿಗಿಣ ನೋಡುವಾಗ ಅವರ ಕೈ ತಾನಾಗಿ ತಿರುಗುತ್ತದೆ. ನನಗೆ ಇಡೀ ವಿಡಿಯೊದಲ್ಲಿ ಅತ್ಯಂತ ಇಷ್ಟವಾದದ್ದು ಅದೇ. ದುಂಡು ಚೌಕಟ್ಟಿನಲ್ಲಿ ಆ ಕೈಗಳೇ ಕತ್ತರಿಸಿಹೋಗಿವೆ ಎಂದು ಈಗ ಗೊತ್ತಾಯಿತು.

---

ಎಡಿಟಿಂಗ್_ಮೇಜು

ಹಾಗಾದರೆ ವಿಡಿಯೊವನ್ನು ಮೂರು ಬಗೆಯ ಪರದೆಗಳಾಗಿ ಯೋಚಿಸಿ. ಮೊದಲನೆಯದು ಒಂದು ಕುಣಿತ ಮತ್ತು ಗುರುಗಳು. ಎರಡನೆಯದು ಎರಡು ಕುಣಿತ, ಗುರುಗಳ ಧ್ವನಿ. ಮೂರನೆಯದು ಗುರುಗಳು ಮಾತ್ರ, ಪೂರ್ತಿ ಪರದೆಯಲ್ಲಿ, ಕುಳಿತಲ್ಲೇ ಮಾಡಿ ತೋರಿಸುವಾಗ. ಇವು ಒಂದರ ನಂತರ ಒಂದು ಬರಲಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಿಟಕಿ ಹಾರುವುದು, ತಿರುಗುವುದು ಏನೂ ಬೇಡ, ನೇರವಾಗಿ ಬದಲಾಯಿಸಿ. ಚೆಂಡೆಯ ಮುಕ್ತಾಯ ಬಿದ್ದ ಕ್ಷಣದಲ್ಲಿ ಬದಲಾಯಿಸಿದರೆ ಬದಲಾದದ್ದು ಗೊತ್ತೇ ಆಗುವುದಿಲ್ಲ.

ಮೊದಲನೆಯ ಪರದೆಗೆ ನನ್ನ ಅಳತೆ ಹೇಳುತ್ತೇನೆ, ಅದನ್ನೇ ಕಣ್ಣು ಮುಚ್ಚಿ ಹಿಡಿಯಬೇಕಿಲ್ಲ. ಕುಣಿತದ ವಿಡಿಯೊವನ್ನು 1360 × 765ಕ್ಕೆ ಇಳಿಸಿ. ಎಡಗಡೆ 48 ಬಿಟ್ಟು ಇಡಿ. ಅದರ ಪಕ್ಕದಲ್ಲಿ 24 ಸಂದು. ನಂತರ ಗುರುಗಳಿಗೆ 440 × 765ರ ಕಂಬ, ಅದರಾಚೆ ಮತ್ತೆ 48. ಕೂಡಿಸಿ ನೋಡಿ, 1920 ಸರಿಯಾಗುತ್ತದೆ. ಎರಡೂ ಮೇಲಿನಿಂದ 60 ಕೆಳಗೆ ಶುರುವಾಗಲಿ. ಆಗ ಕೆಳಗೆ 255ರ ಪಟ್ಟಿ ಉಳಿಯುತ್ತದೆ. ಪದ್ಯದ ಸಾಲು ಅಲ್ಲಿ ಕುಳಿತುಕೊಳ್ಳುತ್ತದೆ. ನೋಡುವವರು ಪರದೆ ಮುಟ್ಟಿದಾಗ ಬರುವ ಯೂಟ್ಯೂಬಿನ ಗುಂಡಿ ಮತ್ತು ಪಟ್ಟಿಯೂ ವೇಷಧಾರಿಯ ಕಾಲಿನ ಮೇಲೆ ಬೀಳುವುದಿಲ್ಲ.

ಇಲ್ಲಿ ಯಾವುದೂ ಯಾವುದರ ಮೇಲೂ ಕುಳಿತಿಲ್ಲ. ಕುಣಿತ ಸ್ವಲ್ಪ ಕುಗ್ಗಿತು, ನಿಜ. ಆದರೆ ಗುರುಗಳಿಗೆ ತಲೆಯಿಂದ ತೊಡೆಯವರೆಗೆ ಜಾಗ ಸಿಕ್ಕಿತು, ತಾಳ ಹಾಕುವ ಕೈ ಕಾಣುತ್ತದೆ.

ಗುರುಗಳನ್ನು ಯಾವ ರೀತಿ ಚಿತ್ರೀಕರಿಸಿದ್ದೀರಿ? ಮೊಬೈಲನ್ನು ಉದ್ದಕ್ಕೆ ಹಿಡಿದಿದ್ದರೆ ಈ ಕಂಬಕ್ಕೆ ಹೇಳಿ ಮಾಡಿಸಿದಂತೆ ಇರುತ್ತದೆ. ಆದರೆ ಮೂರನೆಯ ಬಗೆಯಲ್ಲಿ ಅವರು ಪರದೆ ಪೂರ್ತಿ ತುಂಬುವಂತೆ ತೋರಿಸಲು ಆಗುವುದಿಲ್ಲ. ಅಡ್ಡಕ್ಕೆ 1080ರಲ್ಲಿ ತೆಗೆದಿದ್ದರೆ ಕಂಬಕ್ಕೆ ಬೇಕಾದದ್ದು ನಡುವಿನ 621ರಷ್ಟು ಅಗಲ ಮಾತ್ರ. ಅದರಾಚೆ ಕೈ ಚಾಚಿದರೆ ಕತ್ತರಿಸಿಹೋಗುತ್ತದೆ. ಮುಂದಿನ ಸಲ ಅಡ್ಡಕ್ಕೆ 4ಕೆಯಲ್ಲಿ, ಸ್ವಲ್ಪ ದೂರದಿಂದ ತೆಗೆದರೆ ಎರಡಕ್ಕೂ ಆಗುತ್ತದೆ.

---

ರಂಗಸ್ಥಳ_ಕುಂದಾಪುರ

ಅಡ್ಡಕ್ಕೆ, 1080. ಕೈ ಎರಡು ಕಡೆ ಹೊರಗೆ ಹೋಗುತ್ತದೆ. ಮತ್ತೆ ಕೂರಿಸಿ ತೆಗೆಯಬಹುದು, ಅವರಿಗೂ ಮಾತಾಡಲು ಉತ್ಸಾಹವಿದೆ. ಒಂದೇ ತೊಂದರೆ ಎಂದರೆ ಎರಡನೆಯ ಸಲ ನೋಡುವಾಗ ಆ ಮೊದಲ ಬೆರಗು ಬರುವುದಿಲ್ಲ. ಬೇರೆ ಪ್ರಸಂಗದ ದೃಶ್ಯ ತೋರಿಸುತ್ತೇನೆ.

---

ದೋಸೆಹಂಚು_ದುಬೈ

ಮತ್ತೆ ತೆಗೆಯುವುದಾದರೆ ನನ್ನ ಅನುಭವದ ಎರಡು ಮಾತು, ಇವು ಖಂಡಿತ ಸರಿ. ಒಂದು, ಲ್ಯಾಪ್‌ಟಾಪ್ ಎಲ್ಲಿಡುತ್ತೀರಿ ಎಂಬುದು. ಗುರುಗಳು ಪರದೆಯ ಬಲಗಡೆ ಕಂಬದಲ್ಲಿ ಬರುತ್ತಾರೆ ಎಂದರೆ ಅವರು ನೋಡಬೇಕಾದದ್ದು ಪರದೆಯ ಎಡಕ್ಕೆ, ಕುಣಿತದ ಕಡೆಗೆ. ಅದಕ್ಕೆ ಲ್ಯಾಪ್‌ಟಾಪನ್ನು ಕ್ಯಾಮೆರಾದ ಪಕ್ಕ ಅವರ ಬಲಗೈ ಕಡೆಗೆ ಇಡಬೇಕು. ನಾನು ಮೊದಲ ಹತ್ತು ವಿಡಿಯೊಗಳಲ್ಲಿ ನಾಟಕಕ್ಕೆ ಬೆನ್ನು ಹಾಕಿ ಗೋಡೆ ನೋಡಿ ನಗುತ್ತಿದ್ದೆ. ಮೊಬೈಲಿನ ಮುಂಭಾಗದ ಕ್ಯಾಮೆರಾ ಕನ್ನಡಿಯಂತೆ ತೋರಿಸಿ ಇನ್ನಷ್ಟು ಗೊಂದಲ ಮಾಡುತ್ತದೆ, ಒಂದು ಚಿಕ್ಕ ತುಣುಕು ತೆಗೆದು ಪರೀಕ್ಷಿಸಿ.

ಎರಡು, ಕಿವಿಗೆ ಇಯರ್‌ಫೋನ್ ಹಾಕಿಸಿ. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಚೆಂಡೆ ಅವರ ಮೈಕಿಗೂ ಸೇರುತ್ತದೆ. ನಂತರ ಮೂಲ ಧ್ವನಿ ಸೇರಿಸಿದಾಗ ಒಂದೊಂದು ಪೆಟ್ಟೂ ಎರಡೆರಡಾಗಿ ಕೇಳುತ್ತದೆ. ಶುರುವಿನಲ್ಲಿ, ಇಯರ್‌ಫೋನ್ ಹಾಕುವ ಮೊದಲು, ಲ್ಯಾಪ್‌ಟಾಪಿನ ವಿಡಿಯೊ ಆರಂಭವಾಗುವ ಕ್ಷಣಕ್ಕೆ ಸರಿಯಾಗಿ ಒಂದು ಚಪ್ಪಾಳೆ ಹೊಡೆಯಿರಿ, ಹೊಂದಿಸಲು ಗುರುತು ಸಿಗುತ್ತದೆ.

---

ಸಾಲುಸಂಕೇತ

ಸಂಕಲನ ತಂತ್ರಾಂಶ ತೆರೆಯದೆಯೇ ಎರಡು ಕುಣಿತಗಳನ್ನು ಕತ್ತರಿಸಿ ಜೋಡಿಸಿ ನೋಡಬೇಕೆಂದರೆ ffmpeg ಎಂಬ ಉಚಿತ ತಂತ್ರಾಂಶದ ಒಂದು ಆಜ್ಞೆ ಸಾಕು. ನಾನು ಇದನ್ನು ಪರೀಕ್ಷೆಗೆ ಮಾತ್ರ ಬಳಸುತ್ತೇನೆ.

```
ffmpeg -i tenku.mp4 -i badagu.mp4 -filter_complex \
"[0:v]crop=960:1080:480:0[l];[1:v]crop=960:1080:480:0[r];[l][r]hstack[v]" \
-map "[v]" -map 0:a out.mp4
```

`480` ಎಂಬಲ್ಲಿ ಬೇರೆ ಸಂಖ್ಯೆ ಕೊಟ್ಟರೆ ಕತ್ತರಿಸುವ ಕಿಟಕಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಸೊನ್ನೆ ಎಂದರೆ ಎಡತುದಿ, 960 ಎಂದರೆ ಬಲತುದಿ. ಎರಡೂ ವಿಡಿಯೊ 1920 × 1080 ಇರಬೇಕು. ಧ್ವನಿ ಮೊದಲನೆಯದರದ್ದು ಮಾತ್ರ ಬರುತ್ತದೆ.

---

ತಾಳಮದ್ದಳೆ_ಹಿರಿಯ

ನಾನು ತಂತ್ರಜ್ಞಾನ ತಿಳಿದವನಲ್ಲ, ಐವತ್ತು ವರ್ಷದಿಂದ ಆಟ ನೋಡುತ್ತಿರುವವನು. ತೆಂಕು ಬಡಗನ್ನು ಅಕ್ಕಪಕ್ಕ ಕೂರಿಸಿ ಯಾವುದು ಮೇಲು ಎಂದು ತೂಗುವುದೇ ಅಪಚಾರ. ಚೆಂಡೆ ಬೇರೆ, ವೇಷ ಬೇರೆ, ನಡೆ ಬೇರೆ. ಒಂದರ ಪಕ್ಕ ಇನ್ನೊಂದು ಓಡಿಸಿದರೆ ಎರಡೂ ಕೆಡುತ್ತವೆ. ಆ ವಿಡಿಯೊದಲ್ಲಿ ಎರಡು ಚೆಂಡೆ ಒಟ್ಟಿಗೆ ಕೇಳಿ ನನಗೆ ತಲೆನೋವು ಬಂತು ಮಾರಾಯರೇ.

---

ರಂಗಸ್ಥಳ_ಕುಂದಾಪುರ

ಹಿರಿಯರೇ, ಮೇಲು ಕೀಳು ಹೇಳುವ ಉದ್ದೇಶ ಖಂಡಿತ ಇಲ್ಲ. ಬಡಗಿನ ಮಂಡಿಕುಣಿತಕ್ಕೂ ತೆಂಕಿನ ದಿಗಿಣಕ್ಕೂ ಮೈ ಹೇಗೆ ಬೇರೆ ಬೇರೆಯಾಗಿ ಕೆಲಸ ಮಾಡುತ್ತದೆ ಎಂದು ಶಾಲೆಯ ಮಕ್ಕಳಿಗೆ ತೋರಿಸುವ ಆಸೆ ಅಷ್ಟೆ. ಚೆಂಡೆಯ ವಿಷಯದಲ್ಲಿ ತಮ್ಮ ಮಾತು ಸರಿ.

---

ಎಡಿಟಿಂಗ್_ಮೇಜು

ಹಿರಿಯರ ತಲೆನೋವು ನಮಗೆಲ್ಲ ಪಾಠ. ಕಿಕ್ಕಿರಿಯುವುದು ಕಣ್ಣಿಗೆ ಮಾತ್ರವಲ್ಲ. ಎರಡು ಚಿತ್ರ ಒಟ್ಟಿಗೆ ಓಡಬಹುದು, ಎರಡು ತಾಳ ಒಟ್ಟಿಗೆ ಓಡಬಾರದು. ಒಂದು ಕಡೆಯ ಧ್ವನಿಯನ್ನು ಪೂರ್ತಿ ನಿಲ್ಲಿಸಿ. ಧ್ವನಿ ಇರುವ ಕಡೆ ಯಾವುದೆಂದು ತಿಳಿಯಲು ಇನ್ನೊಂದು ಕಡೆಯ ಚಿತ್ರವನ್ನು ಸ್ವಲ್ಪ ಮಂಕು ಮಾಡಿದರೆ ಸಾಕು, ಸ್ಪೀಕರಿನ ಚಿತ್ರ ಅಂಟಿಸುವುದು ಬೇಡ. ಮೊದಲು ಎಡಗಡೆಯದರ ಧ್ವನಿಯೊಂದಿಗೆ ಒಮ್ಮೆ, ನಂತರ ಬಲಗಡೆಯದರ ಧ್ವನಿಯೊಂದಿಗೆ ಅದೇ ತುಣುಕು ಇನ್ನೊಮ್ಮೆ. ಗುರುಗಳು ಮಾತಾಡುವಾಗ ಚೆಂಡೆಯನ್ನು 18 ಡೆಸಿಬೆಲ್ ಇಳಿಸಿ ನೋಡಿ. ಚೆಂಡೆಯ ಪೆಟ್ಟು ಮಾತಿನ ಮೇಲೆ ಬಿದ್ದರೆ ಅಕ್ಷರಗಳೇ ನುಂಗಿಹೋಗುತ್ತವೆ.

ಎರಡರ ವೇಗ ಬೇರೆ ಎಂದು ಒಂದನ್ನು ಹಿಗ್ಗಿಸಿ ಇನ್ನೊಂದಕ್ಕೆ ಹೊಂದಿಸಲು ಹೋಗಬೇಡಿ. ವೇಗವೇ ಅಲ್ಲಿನ ವ್ಯತ್ಯಾಸ. ಮೊದಲ ಹೆಜ್ಜೆ ನೆಲ ಮುಟ್ಟುವ ಕ್ಷಣವನ್ನು ಎರಡೂ ಕಡೆ ಒಂದೇ ಚೌಕಟ್ಟಿಗೆ ತನ್ನಿ, ಮುಂದೆ ಅವು ಬೇರೆಯಾಗಲಿ.

---

ರಂಗಸ್ಥಳ_ಕುಂದಾಪುರ (ಮೂರು ದಿನಗಳ ನಂತರ)

ಹೊಸ ಕರಡು ಸಿದ್ಧವಾಗಿದೆ. ಗುರುಗಳ ಕಂಬ ಚೆನ್ನಾಗಿ ಬಂದಿದೆ. ಇಯರ್‌ಫೋನ್ ಒಂದು ಕಿವಿಗೆ ಮಾತ್ರ ಒಪ್ಪಿದರು, ಇನ್ನೊಂದು ಕಿವಿ ಮನೆಯವರ ಕಡೆಗೆ ಬೇಕಂತೆ.

ಆದರೆ ಎರಡು ಕುಣಿತದ ಪರದೆಯಲ್ಲಿ ಏನೋ ಸರಿಯಿಲ್ಲ. ಬಡಗಿನವರು ಕುಳ್ಳಗೆ ಕಾಣುತ್ತಾರೆ, ನಿಜವಾಗಿ ಅವರು ಎತ್ತರದ ಆಳು. ಇನ್ನೊಂದು, ತೆಂಕಿನವರು ದಿಗಿಣ ಹೊಡೆಯುತ್ತಾ ರಂಗಸ್ಥಳದ ತುಂಬ ತಿರುಗುತ್ತಾರೆ, 960ರ ಕಿಟಕಿಯಿಂದ ಹೊರಗೆ ಹೋಗಿಬಿಡುತ್ತಾರೆ. ಅವರನ್ನು ಹಿಂಬಾಲಿಸಲು ಕಿಟಕಿಯನ್ನು ಅವರ ಜೊತೆಗೇ ಸರಿಸಿದೆ. ಈಗ ಚೌಕಟ್ಟಿನಲ್ಲಿಯೇ ಇದ್ದಾರೆ, ಆದರೆ ನೋಡುವಾಗ ದೋಣಿಯಲ್ಲಿ ಕುಳಿತಂತೆ ಆಗುತ್ತದೆ.

---

ಎಡಿಟಿಂಗ್_ಮೇಜು

ಮೊದಲನೆಯದು ಸುಲಭ. ನೀವು ಎರಡು ಕಡೆಯೂ ತಲೆಯ ತುದಿ ನೋಡಿ ಎತ್ತರ ಹೊಂದಿಸಿದ್ದೀರಿ ಅಲ್ಲವೇ? ತೆಂಕಿನ ಕಿರೀಟವೇ ಬೇರೆ, ಬಡಗಿನ ಕೇದಗೆ ಮುಂದಲೆಯೇ ಬೇರೆ. ಹಿಮ್ಮಡಿಯಿಂದ ಭುಜದವರೆಗೆ ಅಳೆಯಿರಿ. ಆ ಅಳತೆ ಎರಡೂ ಕಡೆ ಒಂದೇ ಆಗುವಂತೆ ಚಿಕ್ಕದಿರುವುದನ್ನು ಹಿಗ್ಗಿಸಿ. ಶೇಕಡ 125, 130ರವರೆಗೆ ಹಿಗ್ಗಿಸಿದರೆ ಮೊಬೈಲಿನಲ್ಲಿ ಗೊತ್ತಾಗುವುದಿಲ್ಲ, 150 ದಾಟಿದರೆ ಒಂದು ಕಡೆ ಮಂಜು ಕವಿದಂತೆ ಕಾಣುತ್ತದೆ. ನಂತರ ಇಬ್ಬರ ಪಾದಗಳೂ ಒಂದೇ ಗೆರೆಯ ಮೇಲೆ ನಿಲ್ಲುವಂತೆ ಮೇಲೆ ಕೆಳಗೆ ಸರಿಸಿ. ನೆಲ ಎರಡು ಮಟ್ಟದಲ್ಲಿದ್ದರೆ ಕಣ್ಣು ಸುಮ್ಮನೆ ಏರಿ ಇಳಿಯುತ್ತಿರುತ್ತದೆ. ಪರದೆ ಕಿಕ್ಕಿರಿದಂತೆ ಅನಿಸುವುದಕ್ಕೆ ಎಷ್ಟೋ ಸಲ ಇದೇ ಕಾರಣ, ವಸ್ತುಗಳ ಸಂಖ್ಯೆಯಲ್ಲ.

ಎರಡನೆಯದು ನನ್ನ ಸಲಹೆಯ ಮಿತಿ, ಮೊದಲೇ ಹೇಳಬೇಕಿತ್ತು. ಕಿಟಕಿಯನ್ನು ವೇಷಧಾರಿಯ ಜೊತೆ ಸರಿಸಿದರೆ ಅವರು ನಿಂತಲ್ಲೇ ತಿರುಗುತ್ತಿರುವಂತೆ, ಹಿಂದಿನ ಹಿಮ್ಮೇಳವೇ ಓಡುತ್ತಿರುವಂತೆ ಕಾಣುತ್ತದೆ. ದೋಣಿಯ ಅನುಭವ ಅಲ್ಲಿಂದಲೇ. ಅದಕ್ಕಿಂತ ದೊಡ್ಡ ದೋಷ, ರಂಗಸ್ಥಳದಲ್ಲಿ ಅವರು ಕ್ರಮಿಸಿದ ದೂರವನ್ನೇ ನೀವು ಅಳಿಸಿಹಾಕುತ್ತೀರಿ. ದಿಗಿಣದಲ್ಲಿ ನೋಡಬೇಕಾದದ್ದೇ ಆ ಸುತ್ತು. ಪಾದ, ಮಂಡಿ, ಭುಜ ಹೋಲಿಸುವುದಕ್ಕೆ ಕತ್ತರಿಸಿದ ಕಿಟಕಿ ಸರಿ. ಜಾಗ ಎಷ್ಟು ಬಳಸುತ್ತಾರೆ ಎಂದು ತೋರಿಸುವುದಕ್ಕೆ ಅದು ಸುಳ್ಳು ಹೇಳುತ್ತದೆ.

ಆ ಭಾಗಕ್ಕೆ ಪರದೆಯನ್ನು ಒಡೆಯಲೇ ಬೇಡಿ. ತೆಂಕಿನ ಸುತ್ತನ್ನು ಪೂರ್ತಿ ಪರದೆಯಲ್ಲಿ ಎಂಟು ಹತ್ತು ಸೆಕೆಂಡ್ ತೋರಿಸಿ, ಅದರ ಹಿಂದೆಯೇ ಬಡಗಿನದನ್ನು ಪೂರ್ತಿ ಪರದೆಯಲ್ಲಿ ತೋರಿಸಿ. ಅಷ್ಟು ಹೊತ್ತು ಮನಸ್ಸು ನೆನಪಿಟ್ಟುಕೊಳ್ಳುತ್ತದೆ. ಅದಾದ ಮೇಲೆ ಒಂದೇ ಹೆಜ್ಜೆಯನ್ನು ಆರಿಸಿ, ಕಿಟಕಿ ಸರಿಸದೆ, ಅಕ್ಕಪಕ್ಕ ಇಡಿ. ಮೂರು ಸೆಕೆಂಡಿನ ತುಣುಕಾದರೂ ಪರವಾಗಿಲ್ಲ, ಎರಡು ಸಲ ಓಡಿಸಿ.

---

ಸಾಲುಸಂಕೇತ

ಒಂದು ಕಡೆ ಮಾತ್ರ ತಿರುಗುವಾಗ ತಡವರಿಸಿದಂತೆ ಕಾಣುತ್ತದೆ, ಗಮನಿಸಿದ್ದೀರಾ? ಬಡಗಿನ ಕಡೆ. ಅದು ಕಲಾವಿದರದ್ದಲ್ಲ. ಒಂದನ್ನು ಸೆಕೆಂಡಿಗೆ 25 ಚೌಕಟ್ಟಿನ ವೇಗದಲ್ಲಿ, ಇನ್ನೊಂದನ್ನು 30ರಲ್ಲಿ ತೆಗೆದಿರಬೇಕು.

---

ರಂಗಸ್ಥಳ_ಕುಂದಾಪುರ

ಹೌದು, ಬಡಗಿನದು ಹಳೆಯ ಕ್ಯಾಮೆರಾ, 25. ತೆಂಕಿನದು ಮೊಬೈಲ್, 30. ಸರಿಪಡಿಸಲು ಸಾಧ್ಯವೇ?

---

ಸಾಲುಸಂಕೇತ

ಪೂರ್ತಿಯಾಗಿ ಇಲ್ಲ. ಸಂಕಲನದ ಯೋಜನೆಯನ್ನು 30ಕ್ಕೆ ಇಟ್ಟರೆ 25ರದ್ದರಲ್ಲಿ ಸೆಕೆಂಡಿಗೆ ಐದು ಚೌಕಟ್ಟು ಎರಡೆರಡು ಸಲ ಬರುತ್ತದೆ, ಅದೇ ತಡವರಿಕೆ. 25ಕ್ಕೆ ಇಟ್ಟರೆ ಮೊಬೈಲಿನದರಿಂದ ಐದು ಬಿಟ್ಟುಹೋಗುತ್ತವೆ, ಆಗ ಆ ಕಡೆ ಜಿಗಿದಂತೆ ಕಾಣುತ್ತದೆ. ನಡುವಿನ ಚೌಕಟ್ಟನ್ನು ಲೆಕ್ಕ ಹಾಕಿ ಹುಟ್ಟಿಸುವ ಆಯ್ಕೆ ಕೆಲವು ತಂತ್ರಾಂಶಗಳಲ್ಲಿದೆ, ಆದರೆ ವೇಗವಾಗಿ ತಿರುಗುವ ಗೆಜ್ಜೆಕಾಲಿಗೆ ಅದು ಮೂರನೆಯ ಕಾಲು ಸೇರಿಸಿದ್ದನ್ನು ನೋಡಿದ್ದೇನೆ. ಮುಂದಿನ ಸಲ ಎರಡನ್ನೂ ಒಂದೇ ವೇಗದಲ್ಲಿ ತೆಗೆಯಿರಿ.

---

ಮದುವೆ_ವಿಡಿಯೊ_ತುಮಕೂರು

ನನ್ನ ಪಾಲಿಗೆ ಅಕ್ಷರದ ವಿಷಯ. ‘ತೆಂಕುತಿಟ್ಟು’ ಎಂದು ಚಿಕ್ಕ ಕೆಂಪು ಪೆಟ್ಟಿಗೆಯಲ್ಲಿ ಬರೆದಿದ್ದೀರಲ್ಲ ಸರ್, ಒತ್ತು ಪೆಟ್ಟಿಗೆಯಿಂದ ಕೆಳಗೆ ಇಳಿದಿದೆ. ಲಗ್ನಪತ್ರಿಕೆಯ ಹೆಸರು ಹಾಕುವಾಗ ನಾವು ದಿನವೂ ಅನುಭವಿಸುವ ಕಷ್ಟ ಅದು. ಸಿದ್ಧ ಪೆಟ್ಟಿಗೆಗಳನ್ನು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಮಾಡಿರುತ್ತಾರೆ. ಕನ್ನಡಕ್ಕೆ ಕೆಳಗಡೆ ಇನ್ನೂ ಮೂರನೆಯ ಒಂದು ಭಾಗ ಜಾಗ ಬೇಕು. ಬರೀ ‘ತೆಂಕು’, ‘ಬಡಗು’ ಎಂದರೆ ಒತ್ತೇ ಇಲ್ಲ, ಪೆಟ್ಟಿಗೆಯೂ ಬೇಡ.

---

ಎಡಿಟಿಂಗ್_ಮೇಜು

ಇದು ಚಿನ್ನದಂತಹ ಮಾತು. ಅಕ್ಷರ 60 ಪಿಕ್ಸೆಲ್‌ಗಿಂತ ಚಿಕ್ಕದು ಬೇಡ, ಮೊಬೈಲಿನಲ್ಲಿ ಅದು ಎರಡು ಮಿಲಿಮೀಟರ್ ಆಗುತ್ತದೆ ಅಷ್ಟೆ. ಎರಡು ಹೆಸರೂ ಮೇಲುಗಡೆ, ತಮ್ಮ ತಮ್ಮ ಭಾಗದ ಎಡಮೂಲೆಯಲ್ಲಿ ಇರಲಿ. ಬಲಗಡೆಯ ಮೇಲ್ಮೂಲೆಯಲ್ಲಿ ಯೂಟ್ಯೂಬ್ ತನ್ನ ಮಾಹಿತಿ ಗುರುತು ಹಾಕುತ್ತದೆ, ಅದನ್ನು ಬಿಟ್ಟುಕೊಡಿ. ನಾಲ್ಕು ಸೆಕೆಂಡ್ ಕಳೆದ ಮೇಲೆ ಹೆಸರುಗಳನ್ನೂ ತೆಗೆಯಿರಿ.

---

ದೋಸೆಹಂಚು_ದುಬೈ

ತೆಗೆದರೆ ನಡುವಿನಿಂದ ನೋಡಲು ಶುರು ಮಾಡಿದವರಿಗೆ ಯಾವುದು ಯಾವುದು ಎಂದು ಹೇಗೆ ತಿಳಿಯಬೇಕು? ಮುಖವನ್ನೂ ತೆಗೆಯಿರಿ, ಹೆಸರನ್ನೂ ತೆಗೆಯಿರಿ ಎಂದರೆ ಕೊನೆಗೆ ಪರದೆಯನ್ನೇ ತೆಗೆಯಿರಿ ಎನ್ನುತ್ತೀರೇನೋ.

---

ಎಡಿಟಿಂಗ್_ಮೇಜು

ಕುಂದಾಪುರದ ಮಕ್ಕಳಿಗೆ ವೇಷ ನೋಡಿದರೆ ಗೊತ್ತಾಗುತ್ತದೆ. ದುಬೈಯಲ್ಲಿ ಹುಟ್ಟಿದ ಮಕ್ಕಳಿಗೆ ಹೆಸರು ಇರಲಿ ಎಂದರೆ ಇರಲಿ, ಜಗಳವಿಲ್ಲ.

---

ತಾಳಮದ್ದಳೆ_ಹಿರಿಯ

ಹೊಸ ಕರಡನ್ನು ಮೊಮ್ಮಗ ತೋರಿಸಿದ. ತಲೆನೋವು ಬರಲಿಲ್ಲ. ಅಕ್ಕಪಕ್ಕ ಇಡುವುದನ್ನು ಈಗಲೂ ಒಪ್ಪುವುದಿಲ್ಲ. ಆ ಹಿರಿಯ ವೇಷಧಾರಿಯ ಕೈ ಮಾತ್ರ ನೋಡುತ್ತಾ ಕುಳಿತೆ. ತೆಂಕಿನ ಚೆಂಡೆಗೆ ಅವರು ಹಾಕಿದ ತಾಳ ಒಂದು ಕಡೆ ತಪ್ಪಿದೆ, ಅವರಿಗೂ ಗೊತ್ತಾಗಿ ನಕ್ಕಿದ್ದಾರೆ. ಆ ಜಾಗವನ್ನು ಕತ್ತರಿಸಬೇಡಿ.

---

ರಂಗಸ್ಥಳ_ಕುಂದಾಪುರ

ಕತ್ತರಿಸುವುದಿಲ್ಲ. ಅಲ್ಲಿ ಕುಣಿತವನ್ನು ತೆಗೆದು ಗುರುಗಳನ್ನು ಪೂರ್ತಿ ಪರದೆಗೆ ತಂದಿದ್ದೇನೆ.